ಸುಣ್ಣಕಲ್ಲು ಯಾವ ತಾಪಮಾನದಲ್ಲಿ ಒಡೆಯುತ್ತದೆ: 837, 900, 700 ಮೂರರಲ್ಲಿ ಯಾವುದು ಸರಿ?

ಪ್ರಶ್ನೆ: ಮೇಡಂ, ನಾನು ಬಿಎಸ್‌ಸಿ ಮೊದಲ ವರ್ಷದಲ್ಲಿದ್ದೇನೆ. ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುವ ಕ್ರಿಯೆ ಎಷ್ಟು ತಾಪಮಾನದಲ್ಲಿ ಸ್ವಯಂಪ್ರೇರಿತವಾಗುತ್ತದೆ ಎಂದು ಲೆಕ್ಕ ಹಾಕಿದೆ. ಎಂಥಾಲ್ಪಿ 178.3, ಎಂಟ್ರೋಪಿ 160.6. ಭಾಗಿಸಿದರೆ 1.11 ಕೆಲ್ವಿನ್ ಬಂತು. ಗೆಳೆಯ ತಿದ್ದಿ 1110 ಕೆಲ್ವಿನ್, ಅಂದರೆ 837 ಡಿಗ್ರಿ ಸೆಲ್ಸಿಯಸ್ ಎಂದ. ಇನ್ನೊಂದು ಪುಸ್ತಕ ಸುಮಾರು 900 ಎನ್ನುತ್ತದೆ. ಆದರೆ ಲ್ಯಾಬಿನಲ್ಲಿ ತೆರೆದ ಮೂಸೆಯಲ್ಲಿ 700 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟಾಗಲೇ ತೂಕ ಇಳಿದಿತ್ತು. ಸೂತ್ರ ತಪ್ಪೇ, ಪುಸ್ತಕ ತಪ್ಪೇ, ನಮ್ಮ ಪ್ರಯೋಗ ತಪ್ಪೇ?

ಉತ್ತರ: ಮೂರೂ ತಪ್ಪಲ್ಲ. 837, 900, 700 ಎಂಬ ಮೂರು ಸಂಖ್ಯೆಗಳು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ತಪ್ಪಿರುವುದು 1.11 ಮಾತ್ರ, ಅದನ್ನು ಮೊದಲು ಮುಗಿಸಿಬಿಡೋಣ.

ಕೋಷ್ಟಕಗಳಲ್ಲಿ ಎಂಥಾಲ್ಪಿಯನ್ನು ಕಿಲೋಜೂಲ್‌ಗಳಲ್ಲಿ ಕೊಡುತ್ತಾರೆ, ಎಂಟ್ರೋಪಿಯನ್ನು ಜೂಲ್‌ಗಳಲ್ಲಿ. ನೀವು 178.3 ಕಿಲೋಜೂಲನ್ನು 160.6 ಜೂಲಿನಿಂದ ಭಾಗಿಸಿದ್ದೀರಿ. 178.3ನ್ನು 1,78,300 ಜೂಲ್ ಎಂದು ಬರೆದುಕೊಂಡು ಭಾಗಿಸಿದರೆ 1110 ಕೆಲ್ವಿನ್ ಬರುತ್ತದೆ. ಈ ತಪ್ಪು ಎಷ್ಟು ಸಾಮಾನ್ಯ ಎಂದರೆ, ಉತ್ತರ ಪತ್ರಿಕೆ ತಿದ್ದುವಾಗ ಒಂದೆರಡು ಕೆಲ್ವಿನ್ ಎಂಬ ಉತ್ತರ ಕಂಡ ಕೂಡಲೇ ಉಳಿದ ಹೆಜ್ಜೆಗಳನ್ನು ನೋಡುವ ಮೊದಲೇ ಕಾರಣ ತಿಳಿದುಬಿಡುತ್ತದೆ. ಘನವಸ್ತುವಿನಿಂದ ಅನಿಲ ಹೊರಡುವ ಕ್ರಿಯೆಗಳಿಗೆ ಈ ಲೆಕ್ಕ ಸಾಮಾನ್ಯವಾಗಿ ಕೆಲವು ನೂರರಿಂದ ಒಂದೆರಡು ಸಾವಿರ ಕೆಲ್ವಿನ್ ಕೊಡುತ್ತದೆ. ಒಂದಂಕಿಯ ಉತ್ತರ ಬಂದರೆ ಮೊದಲು ಮಾನಗಳನ್ನು ನೋಡಿ.

ಈಗ ಆ 1110 ಏನು ಹೇಳುತ್ತಿದೆ ಎಂಬುದಕ್ಕೆ ಬರೋಣ. ಸೂತ್ರ ನಿಮಗೆ ಗೊತ್ತಿದೆ: ΔG = ΔH − TΔS. ΔG ಸೊನ್ನೆಯಾಗುವ ಜಾಗದಲ್ಲಿ T = ΔH/ΔS. ಬಹಳ ಜನ ಇದನ್ನು ಬಾಯಿಪಾಠ ಮಾಡಿಕೊಂಡು ಮುಂದೆ ಹೋಗುತ್ತಾರೆ. ನನಗೆ ಇದನ್ನು ಎಂಟ್ರೋಪಿಯ ಜಮಾ-ಖರ್ಚಾಗಿ ನೋಡುವುದು ಹೆಚ್ಚು ಇಷ್ಟ. ನಿಮ್ಮ ಗೊಂದಲವೂ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಒಂದು ಮೋಲ್ ಸುಣ್ಣಕಲ್ಲು, ಅಂದರೆ ಸುಮಾರು 100 ಗ್ರಾಂ, ಪೂರ್ತಿ ಒಡೆದಾಗ ಎಂಟ್ರೋಪಿ 160.6 ಜೂಲ್ ಪ್ರತಿ ಕೆಲ್ವಿನ್‌ನಷ್ಟು ಹೆಚ್ಚುತ್ತದೆ. ಇದು ಜಮಾ. ಇದರ ಮೂಲ ಮುಖ್ಯವಾಗಿ ಅನಿಲ: ಕಾರ್ಬನ್ ಡೈಆಕ್ಸೈಡಿನ ಎಂಟ್ರೋಪಿ ಒಂದೇ 213.7, ಕ್ಯಾಲ್ಸಿಯಂ ಆಕ್ಸೈಡಿನದು 39.8. ಇವೆರಡರ ಮೊತ್ತದಿಂದ ಸುಣ್ಣಕಲ್ಲಿನ 92.9 ಕಳೆದರೆ 160.6. ಇನ್ನು ಖರ್ಚು. ಕ್ರಿಯೆಗೆ 1,78,300 ಜೂಲ್ ಶಾಖ ಬೇಕು, ಅದನ್ನು ಸುತ್ತಲಿನ ಕುಲುಮೆ ಕೊಡಬೇಕು. ಶಾಖ ಕಳೆದುಕೊಂಡ ಕುಲುಮೆಯ ಎಂಟ್ರೋಪಿ ಕಡಿಮೆಯಾಗುತ್ತದೆ. ಎಷ್ಟು ಎಂದರೆ, ಆ ಶಾಖವನ್ನು ತಾಪಮಾನದಿಂದ ಭಾಗಿಸಿದಷ್ಟು. ಅದೇ ಶಾಖವನ್ನು ತಣ್ಣಗಿರುವ ಜಾಗದಿಂದ ತೆಗೆದರೆ ನಷ್ಟ ದೊಡ್ಡದು, ಬಿಸಿಯಾಗಿರುವ ಜಾಗದಿಂದ ತೆಗೆದರೆ ಸಣ್ಣದು.

ಕೋಣೆಯ ತಾಪಮಾನ 298 ಕೆಲ್ವಿನ್‌ನಲ್ಲಿ ಖರ್ಚು 598. ಜಮಾ 160.6 ಮಾತ್ರ. ಕಲ್ಲು ಕಲ್ಲಾಗಿಯೇ ಇರುತ್ತದೆ. 700 ಕೆಲ್ವಿನ್‌ಗೆ ಖರ್ಚು 255ಕ್ಕೆ ಇಳಿಯುತ್ತದೆ, ಇನ್ನೂ ಸಾಲದು. 1110 ಕೆಲ್ವಿನ್ ಮುಟ್ಟಿದಾಗ ಖರ್ಚು ಸರಿಯಾಗಿ 160.6 ಆಗಿ ಎರಡೂ ಸಮವಾಗುತ್ತವೆ. ಅಲ್ಲಿಂದ ಮೇಲೆ ಜಮಾ ಹೆಚ್ಚು, ಕ್ರಿಯೆ ಮುಂದಕ್ಕೆ ಓಡುತ್ತದೆ. ಶಾಖ ಹೀರುವ ಕ್ರಿಯೆಯೊಂದನ್ನು ಬಿಸಿ ಮಾಡಿದಾಗ ಅದು ನಡೆಯತೊಡಗುವುದು ಏಕೆ ಎಂಬುದಕ್ಕೆ ಇಷ್ಟೇ ವಿವರಣೆ. ಜಮಾ ಅಷ್ಟೇನೂ ಬದಲಾಗುವುದಿಲ್ಲ, ಖರ್ಚು ಇಳಿಯುತ್ತದೆ.

ಇಲ್ಲಿಯವರೆಗೆ ಸರಿ. ಆದರೆ 700 ಡಿಗ್ರಿ ಸೆಲ್ಸಿಯಸ್, ಅಂದರೆ 973 ಕೆಲ್ವಿನ್‌ನಲ್ಲಿ ಖರ್ಚು 183. ಜಮಾ 160.6 ಎಂದಾದರೆ ನಿಮ್ಮ ಮೂಸೆಯಲ್ಲಿ ಏನೂ ಆಗಬಾರದಿತ್ತು. ಆದರೂ ತೂಕ ಇಳಿಯಿತು. ಏಕೆ?

ಏಕೆಂದರೆ ಆ 160.6ರಲ್ಲಿ ಒಂದು ಷರತ್ತು ಅಡಗಿದೆ. ಕೋಷ್ಟಕದ 213.7 ಎಂಬುದು 1 ಬಾರ್ ಒತ್ತಡದಲ್ಲಿರುವ ಶುದ್ಧ ಕಾರ್ಬನ್ ಡೈಆಕ್ಸೈಡಿನ ಎಂಟ್ರೋಪಿ. ΔH, ΔS ಚಿಹ್ನೆಗಳ ತಲೆಯ ಮೇಲಿರುವ ಸಣ್ಣ ಸೊನ್ನೆ (ΔH°, ΔS°) ಇದನ್ನೇ ಹೇಳುತ್ತದೆ. ಬರೆಯುವಾಗ ನಾವು ಅದನ್ನು ಬಿಟ್ಟುಬಿಡುತ್ತೇವೆ, ಷರತ್ತೂ ಅದರ ಜೊತೆ ಮರೆತುಹೋಗುತ್ತದೆ. ಹಾಗಾಗಿ 1110 ಕೆಲ್ವಿನ್ ಎಂದರೆ “ಈ ತಾಪಮಾನದಲ್ಲಿ ಕಲ್ಲು ಒಡೆಯತೊಡಗುತ್ತದೆ” ಎಂದಲ್ಲ. “ಸುತ್ತಲೂ 1 ಬಾರ್ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಒತ್ತುತ್ತಿದ್ದರೂ ಕಲ್ಲು ಒಡೆಯಬಲ್ಲ ತಾಪಮಾನ” ಎಂದು.

ನಿಮ್ಮ ಮೂಸೆ ತೆರೆದಿತ್ತು. ಅದರ ಸುತ್ತ ಇದ್ದದ್ದು ಗಾಳಿ, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡಿನ ಪಾಲು ಸುಮಾರು 0.0004 ಬಾರ್. ಇಷ್ಟು ತೆಳುವಾಗಿ ಹರಡಿಕೊಳ್ಳುವ ಅನಿಲದ ಎಂಟ್ರೋಪಿ ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು −R ln P ಕೊಡುತ್ತದೆ. R 8.314, P 0.0004 ಎಂದಿಟ್ಟರೆ 65. ಈಗ ಜಮಾ 160.6 ಅಲ್ಲ, 225.6. ಅದನ್ನೇ ಸೂತ್ರದಲ್ಲಿ ಇಟ್ಟು ನೋಡಿ:

```
T = ΔH° / (ΔS° − R ln P)
  = 178300 / (160.6 + 65.0)
  = 790 K  (517 °C)
```

837 ಇದ್ದದ್ದು 517ಕ್ಕೆ ಇಳಿಯಿತು. ಕಲ್ಲು ಅದೇ, ಕೋಷ್ಟಕ ಅದೇ, ಸುತ್ತಲಿನ ಅನಿಲ ಮಾತ್ರ ಬೇರೆ. 700 ಡಿಗ್ರಿಯಲ್ಲಿ ಖರ್ಚು 183, ಜಮಾ 225ರ ಮೇಲೆ. ನಿಮ್ಮ ಮೂಸೆಯಲ್ಲಿ ತೂಕ ಇಳಿಯಲೇಬೇಕಿತ್ತು.

ಪಠ್ಯಪುಸ್ತಕದ ಭಾಷೆಯಲ್ಲಿ ಇದೇ ΔG = ΔG° + RT ln Q. ಈ ಕ್ರಿಯೆಯಲ್ಲಿ Q ಎಂದರೆ ಕಾರ್ಬನ್ ಡೈಆಕ್ಸೈಡಿನ ಒತ್ತಡ ಮಾತ್ರ, ಏಕೆಂದರೆ ಉಳಿದೆರಡೂ ಶುದ್ಧ ಘನವಸ್ತುಗಳು. ΔG° ಧನವಾಗಿದ್ದರೆ ಕ್ರಿಯೆ ನಡೆಯುವುದೇ ಇಲ್ಲ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ನಡೆಯುವುದನ್ನು ನಿರ್ಧರಿಸುವುದು ΔG. ΔG° ಹೇಳುವುದು ಕ್ರಿಯೆ ಎಷ್ಟು ಒತ್ತಡದವರೆಗೆ ಮುಂದುವರಿದು ನಿಲ್ಲುತ್ತದೆ ಎಂಬುದನ್ನು.

ಈ ನಿಲ್ಲುವ ಒತ್ತಡವನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ತಾಪಮಾನ ಎಂಬುದು ಸ್ವಿಚ್ಚಿನಂತೆ ಆನ್-ಆಫ್ ಆಗುತ್ತದೆ ಎಂಬ ಕಲ್ಪನೆ ಇಲ್ಲಿ ಕಳಚುತ್ತದೆ. 1000 ಕೆಲ್ವಿನ್ (727 ಡಿಗ್ರಿ) ತೆಗೆದುಕೊಳ್ಳಿ. ಅಳತೆ ಮಾಡಿ ಕಂಡುಕೊಂಡಂತೆ ಆ ತಾಪಮಾನದಲ್ಲಿ ಸುಣ್ಣಕಲ್ಲಿನ ಮೇಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡ ಸುಮಾರು 0.06 ಬಾರ್‌ಗೆ ಬಂದು ನಿಲ್ಲುತ್ತದೆ. ಒಂದು ಲೀಟರ್ ಹಿಡಿಯುವ, ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ 10 ಗ್ರಾಂ ಸುಣ್ಣಕಲ್ಲು ಇಟ್ಟು 1000 ಕೆಲ್ವಿನ್‌ಗೆ ಕಾಯಿಸಿದಿರಿ ಎನ್ನಿ. 0.06 ಬಾರ್ ತುಂಬಲು ಬೇಕಾದ ಅನಿಲ ಎಷ್ಟು ಎಂದು ಆದರ್ಶ ಅನಿಲದ ಸಮೀಕರಣದಿಂದ ಲೆಕ್ಕ ಹಾಕಿದರೆ ಸುಮಾರು 0.0007 ಮೋಲ್. ಅಷ್ಟಕ್ಕೆ ಒಡೆಯಬೇಕಾದ ಕಲ್ಲು ಬರೀ 0.07 ಗ್ರಾಂ. ಉಳಿದ 9.93 ಗ್ರಾಂ ಎಷ್ಟು ದಿನ ಕಾಯಿಸಿದರೂ ಹಾಗೇ ಇರುತ್ತದೆ. ಅದೇ 10 ಗ್ರಾಂ ಅನ್ನು ಅದೇ ತಾಪಮಾನದಲ್ಲಿ ತೆರೆದ ಮೂಸೆಯಲ್ಲಿ ಇಟ್ಟು ಗಾಳಿ ಹಾಯಿಸಿದರೆ, ಹೊರಟ ಅನಿಲ ಹೊರಟ ಹಾಗೇ ಹೋಗುತ್ತಿರುವುದರಿಂದ ಒತ್ತಡ 0.06 ಮುಟ್ಟುವುದೇ ಇಲ್ಲ. ಕ್ರಿಯೆ ಕೊನೆಯವರೆಗೂ ನಡೆದು ಪೂರ್ತಿ ಸುಟ್ಟ ಸುಣ್ಣವಾಗುತ್ತದೆ. ಹಾಗಾದರೆ 1000 ಕೆಲ್ವಿನ್‌ನಲ್ಲಿ ಈ ಕ್ರಿಯೆ ಸ್ವಯಂಪ್ರೇರಿತವೋ ಅಲ್ಲವೋ? ಸುತ್ತಲಿನ ಒತ್ತಡ ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡಲಾಗದು.

ಇನ್ನು 837 ಮತ್ತು 900ರ ನಡುವಿನ ಜಗಳ. ಇಲ್ಲಿ ಎರಡೂ ಕಡೆ ಷರತ್ತು ಒಂದೇ, ಕಾರ್ಬನ್ ಡೈಆಕ್ಸೈಡ್ 1 ಬಾರ್. ಅಳತೆ ಮಾಡಿದಾಗ ಆ ಒತ್ತಡ ಸಿಗುವುದು 898 ಡಿಗ್ರಿಯ ಹತ್ತಿರ. ಲೆಕ್ಕ 837 ಎನ್ನುತ್ತದೆ. ಈ 60 ಡಿಗ್ರಿ ಅಂತರಕ್ಕೆ ಕಾರಣ ನಮ್ಮ ಲೆಕ್ಕದ ಒಂದು ಊಹೆ. 25 ಡಿಗ್ರಿಯ ಎಂಥಾಲ್ಪಿ ಮತ್ತು ಎಂಟ್ರೋಪಿಯನ್ನು ಕೋಷ್ಟಕದಿಂದ ಎತ್ತಿಕೊಂಡು, ಅವು 800 ಡಿಗ್ರಿಯಲ್ಲೂ ಹಾಗೇ ಇರುತ್ತವೆ ಎಂದುಕೊಂಡೆವು. ಅವು ಹಾಗೇ ಇರುವುದಿಲ್ಲ.

ಬದಲಾವಣೆಯನ್ನು ನಿರ್ಧರಿಸುವುದು ಉಷ್ಣಧಾರಕತೆಯ ವ್ಯತ್ಯಾಸ, ಅಂದರೆ ಕ್ರಿಯೆಯಿಂದ ಬಂದ ವಸ್ತುಗಳ ಉಷ್ಣಧಾರಕತೆಯಿಂದ ಮೂಲ ವಸ್ತುವಿನದನ್ನು ಕಳೆದದ್ದು. ಅದನ್ನು ΔCp ಎನ್ನುತ್ತೇವೆ. ಕೋಣೆಯ ತಾಪಮಾನದಲ್ಲಿ ಇದು ಸುಮಾರು −2 ಜೂಲ್ ಮಾತ್ರ, ಲೆಕ್ಕಕ್ಕೇ ಇಲ್ಲ ಅನಿಸುತ್ತದೆ. ಆದರೆ ಬಿಸಿಯಾಗುತ್ತಾ ಹೋದಂತೆ ಸುಣ್ಣಕಲ್ಲಿನ ಉಷ್ಣಧಾರಕತೆ ಉಳಿದೆರಡರ ಮೊತ್ತಕ್ಕಿಂತ ಬೇಗ ಏರುತ್ತದೆ, 900 ಡಿಗ್ರಿಯ ಹತ್ತಿರ ವ್ಯತ್ಯಾಸ −15ನ್ನೂ ದಾಟುತ್ತದೆ. ಇಡೀ ದೂರಕ್ಕೆ ಸರಾಸರಿ ಸುಮಾರು −13 ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಮುಟ್ಟಬೇಕಾದ ತಾಪಮಾನ 1150 ಕೆಲ್ವಿನ್ ಇರಬಹುದು ಎಂದು ಅಂದಾಜು ಮಾಡಿಕೊಳ್ಳಿ:

```
ΔH = 178300 − 13 × (1150 − 298) ≈ 167200 J
ΔS = 160.6 − 13 × ln(1150/298) ≈ 143.0 J/K
T  = 167200 / 143.0 ≈ 1169 K  (896 °C)
```

ಬಂದ 1169ನ್ನು ಮತ್ತೆ ಅಂದಾಜಿನ ಜಾಗದಲ್ಲಿ ಇಟ್ಟು ಇನ್ನೊಮ್ಮೆ ಮಾಡಬಹುದು, ಹೆಚ್ಚೇನೂ ಅಲುಗಾಡುವುದಿಲ್ಲ. ಸರಾಸರಿ ಎಂಬುದೇ ಒಂದು ಒರಟು ಉಪಾಯವಾದ್ದರಿಂದ ಕೊನೆಯ ಐದು ಹತ್ತು ಡಿಗ್ರಿಯನ್ನು ನಂಬಬೇಡಿ. ಆದರೆ 60 ಡಿಗ್ರಿ ಎಲ್ಲಿ ಹೋಗಿತ್ತು ಎಂಬುದು ಸಿಕ್ಕಿತು. ಎಂಥಾಲ್ಪಿ ಸುಮಾರು ಶೇಕಡ 6 ಇಳಿದಿದೆ, ಎಂಟ್ರೋಪಿ ಶೇಕಡ 11 ಇಳಿದಿದೆ. ಭಾಗಿಸಬೇಕಾದ ಕೆಳಗಿನ ಸಂಖ್ಯೆ ಮೇಲಿನದಕ್ಕಿಂತ ಹೆಚ್ಚು ಕುಗ್ಗಿದ್ದರಿಂದ ಉತ್ತರ ಮೇಲೇರಿತು.

ಇದೇ ಊಹೆ ನೀರು ಕುದಿಯುವ ಲೆಕ್ಕದಲ್ಲಿ ಅಷ್ಟು ತೊಂದರೆ ಕೊಡುವುದಿಲ್ಲ. ಅಲ್ಲಿ 44,000 ಜೂಲನ್ನು 118.9ರಿಂದ ಭಾಗಿಸಿದರೆ 370 ಕೆಲ್ವಿನ್, ನಿಜವಾದದ್ದು 373. ಏಕೆಂದರೆ 298ರಿಂದ 373ಕ್ಕೆ ದೂರ ಕಡಿಮೆ. ಸುಣ್ಣಕಲ್ಲಿನಲ್ಲಿ ಎಂಟುನೂರಕ್ಕೂ ಹೆಚ್ಚು ಡಿಗ್ರಿ ದೂರ ಹೋಗಬೇಕು. ಕೋಷ್ಟಕದ ತಾಪಮಾನದಿಂದ ಎಷ್ಟು ದೂರ ಹೋಗುತ್ತೀರೋ ಅಷ್ಟು ಎಚ್ಚರ ಬೇಕು. ದಾರಿಯಲ್ಲಿ ಯಾವುದಾದರೂ ವಸ್ತು ಕರಗಿದರೆ ಅಥವಾ ಕುದಿದರೆ ಇನ್ನೂ ದೊಡ್ಡ ತೊಂದರೆ, ಆ ಬದಲಾವಣೆಯ ಎಂಥಾಲ್ಪಿ ಮತ್ತು ಎಂಟ್ರೋಪಿಯನ್ನೂ ಸೇರಿಸಲೇಬೇಕು. ನಮ್ಮ ಅದೃಷ್ಟಕ್ಕೆ ಈ ಲೆಕ್ಕದಲ್ಲಿ ಎರಡೂ ಘನವಸ್ತುಗಳು ಘನವಾಗಿಯೇ ಉಳಿಯುತ್ತವೆ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕೋಷ್ಟಕಗಳಲ್ಲಿ ಕ್ಯಾಲ್ಸಿಯಂ ಆಕ್ಸೈಡಿನ ಎಂಟ್ರೋಪಿ 39.8 ಬದಲು 38.1 ಎಂದಿದೆ. ಅದನ್ನು ಬಳಸಿದರೆ ΔS 158.9, ಉತ್ತರ 1122 ಕೆಲ್ವಿನ್. ನಿಮ್ಮ ಉತ್ತರ ಗೆಳೆಯನ ಉತ್ತರಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಆಚೀಚೆ ಇದ್ದರೆ ಇದೇ ಕಾರಣ ಇರಬಹುದು. ಆದ್ದರಿಂದ ಒಂದು ಲೆಕ್ಕಕ್ಕೆ ಬೇಕಾದ ಎಲ್ಲ ಸಂಖ್ಯೆಗಳನ್ನೂ ಒಂದೇ ಕೋಷ್ಟಕದಿಂದ ತೆಗೆದುಕೊಳ್ಳಿ, ಒಂದನ್ನು ಅಲ್ಲಿಂದ ಇನ್ನೊಂದನ್ನು ಇಲ್ಲಿಂದ ಬೇಡ.

ಈಗ ನಿಮ್ಮ ಪ್ರಯೋಗ. ಗಾಳಿಯಲ್ಲಿ 517 ಡಿಗ್ರಿಯಿಂದಲೇ ಕ್ರಿಯೆಗೆ ದಾರಿ ತೆರೆದಿದೆ ಎಂದು ಲೆಕ್ಕ ಹೇಳಿತು. ಹಾಗಂತ 550 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ತೂಕ ಇಳಿದದ್ದು ಕಣ್ಣಿಗೆ ಬೀಳುವುದು ಕಷ್ಟ. ಸ್ವಯಂಪ್ರೇರಿತ ಎಂಬ ಮಾತು ದಿಕ್ಕನ್ನು ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ಅಷ್ಟು ಕಡಿಮೆ ತಾಪಮಾನದಲ್ಲಿ ಬಂಧಗಳು ಬಿಡಿಸಿಕೊಳ್ಳುವ ಗತಿ ತೀರಾ ನಿಧಾನ. ತೂಕ ಇಳಿಯುವುದನ್ನು ತಾಪಮಾನದ ಜೊತೆಗೆ ದಾಖಲಿಸುವ ಉಪಕರಣದಲ್ಲಿ ಗಾಳಿ ಹಾಯಿಸಿ ಕಾಯಿಸಿದಾಗ ಇಳಿತ ಚೆನ್ನಾಗಿ ಕಾಣತೊಡಗುವುದು 600 ಡಿಗ್ರಿ ದಾಟಿದ ಮೇಲೆ. ಅದೇ ಉಪಕರಣದಲ್ಲಿ ಗಾಳಿಯ ಬದಲು ಶುದ್ಧ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ 900ರ ಹತ್ತಿರ ಬರುವವರೆಗೆ ತೂಕದ ಗೆರೆ ನೇರವಾಗಿಯೇ ಇರುತ್ತದೆ, ಆಮೇಲೆ ಥಟ್ಟನೆ ಕುಸಿಯುತ್ತದೆ. ಈ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ನಾನು ಇಷ್ಟು ಹೊತ್ತು ಬರೆದದ್ದೆಲ್ಲ ಒಂದೇ ಚಿತ್ರದಲ್ಲಿ ಇದೆ.

ನಿಮ್ಮ ಮೂಸೆಯಲ್ಲಿ ಎಷ್ಟು ತೂಕ ಇಳಿಯಿತು ಎಂದು ನೀವು ಬರೆದಿಲ್ಲ. ಪೂರ್ತಿ ಒಡೆದಿದ್ದರೆ ಶೇಕಡ 44 ಇಳಿಯಬೇಕು, 5 ಗ್ರಾಂ ಇಟ್ಟಿದ್ದರೆ 2.8 ಗ್ರಾಂ ಉಳಿಯಬೇಕು. 700 ಡಿಗ್ರಿಯಲ್ಲಿ ಸಾಮಾನ್ಯವಾಗಿ ಅಷ್ಟು ಇಳಿದಿರುವುದಿಲ್ಲ, ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಪುಡಿ ದಪ್ಪಗೆ ತುಂಬಿದ್ದರೆ ತಳದಲ್ಲಿ ಹುಟ್ಟಿದ ಅನಿಲ ಹೊರಗೆ ಬರಲು ತಡವಾಗಿ, ಕಣಗಳ ನಡುವೆ ಅದರ ಒತ್ತಡ ಏರುತ್ತದೆ. 700 ಡಿಗ್ರಿಯಲ್ಲಿ ನಿಲ್ಲುವ ಒತ್ತಡ ಸುಮಾರು 0.03 ಬಾರ್ ಅಷ್ಟೇ. ಅಷ್ಟು ತುಂಬಿಕೊಂಡ ಜಾಗದಲ್ಲಿ ಕ್ರಿಯೆ ನಿಂತೇ ಹೋಗುತ್ತದೆ, ಮೇಲಿನ ಪದರ ಮಾತ್ರ ಒಡೆಯುತ್ತಿರುತ್ತದೆ. ಎರಡನೆಯದು, ಕ್ರಿಯೆ ಶಾಖ ಹೀರುವುದರಿಂದ ಪುಡಿಯ ಒಳಭಾಗ ಕುಲುಮೆಯ ಮೀಟರ್ ತೋರಿಸುವುದಕ್ಕಿಂತ ತಣ್ಣಗಿರುತ್ತದೆ.

ಹಾಗಾಗಿ ಮತ್ತೆ ಮಾಡುವಾಗ ನಿಮ್ಮ ಮುಂದೆ ಎರಡು ಮೂರು ದಾರಿಗಳಿವೆ. ತಾಪಮಾನವನ್ನು 900ರ ಮೇಲೆ ಏರಿಸಿದರೆ ಅನಿಲ ಸುತ್ತಲಿನ ಒತ್ತಡವನ್ನು ತಳ್ಳಿಕೊಂಡೇ ಹೊರಬರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ತುಂಬಾ ಹೆಚ್ಚು ಕಾಯಿಸಿದರೆ ಸುಣ್ಣದ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು ಅದು ನೀರಿನ ಜೊತೆ ಮಂದವಾಗಿ ವರ್ತಿಸುತ್ತದೆ. ಸುಣ್ಣವನ್ನು ಮುಂದೆ ಬೇರೆ ಪ್ರಯೋಗಕ್ಕೆ ಬಳಸುವುದಿದ್ದರೆ ಇದು ನಷ್ಟ. ಪುಡಿಯನ್ನು ತೆಳುವಾಗಿ ಹರಡಿ, ಗಾಳಿ ಹಾಯಿಸಿ 750–800ರಲ್ಲಿ ಹೆಚ್ಚು ಹೊತ್ತು ಇಡುವುದು ನನಗೆ ಮೆಚ್ಚುಗೆಯಾದ ದಾರಿ. ಯಾವುದನ್ನೇ ಮಾಡಿದರೂ ತಣ್ಣಗಾಗಿಸುವಾಗ ಮೂಸೆಯನ್ನು ತೇವ ಹೀರುವ ವಸ್ತು ಇರುವ ಡೆಸಿಕೇಟರಿನಲ್ಲಿ ಇಡಿ. ತೆರೆದಿಟ್ಟರೆ ಬಿಸಿ ಸುಣ್ಣ ಗಾಳಿಯ ತೇವ ಹೀರಿ ತೂಕ ಮತ್ತೆ ಏರಿಸಿಕೊಳ್ಳುತ್ತದೆ, ಇಳಿದದ್ದು ಕಡಿಮೆ ಕಾಣುತ್ತದೆ. ಸುಣ್ಣ ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ನೀರು ತಾಗಿದರೆ ಅದು ಜೋರಾಗಿ ಬಿಸಿಯಾಗುತ್ತದೆ.

ತೂಕ ನಿಂತಿತೇ ಇಲ್ಲವೇ ಎಂದು ತಿಳಿಯಲು, ತೂಗಿ ಮತ್ತೆ ಅರ್ಧ ಗಂಟೆ ಕಾಯಿಸಿ ತೂಗಿ. ಎರಡೂ ತೂಕ ಒಂದೇ ಆಗುವವರೆಗೆ ಮುಂದುವರಿಸಿ.

ಪರೀಕ್ಷೆಯ ಲೆಕ್ಕಕ್ಕೆ ಬಂದರೆ, ನೇರ ಭಾಗಾಕಾರ ಮಾಡುವ ಮೊದಲು ΔH ಮತ್ತು ΔS ಎರಡರ ಚಿಹ್ನೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸುಣ್ಣಕಲ್ಲಿನಂತೆ ಎರಡೂ ಧನವಾಗಿದ್ದರೆ ಬಂದ ತಾಪಮಾನದ ಮೇಲೆ ಸ್ವಯಂಪ್ರೇರಿತ. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯ ಆಗುವಲ್ಲಿ ಎರಡೂ ಋಣ, ಅಲ್ಲಿ ಬಂದ ತಾಪಮಾನದ ಕೆಳಗೆ ಸ್ವಯಂಪ್ರೇರಿತ. ಲೆಕ್ಕ ಸರಿಯಾಗಿ ಮಾಡಿ ದಿಕ್ಕು ತಪ್ಪಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಚಿಹ್ನೆಗಳು ಬೇರೆ ಬೇರೆಯಾದರೆ ಭಾಗಾಕಾರದಿಂದ ಋಣ ಕೆಲ್ವಿನ್ ಬರುತ್ತದೆ. ಆಕ್ಸಿಜನ್‌ನಿಂದ ಓಝೋನ್ ಆಗುವ ಕ್ರಿಯೆಗೆ ಹಾಕಿ ನೋಡಿ, −2000 ಕೆಲ್ವಿನ್‌ನ ಆಸುಪಾಸು ಬರುತ್ತದೆ. ಅಂಥ ತಾಪಮಾನ ಇಲ್ಲ. ಚಿಹ್ನೆ ಬದಲಾಗುವ ತಾಪಮಾನವೇ ಈ ಕ್ರಿಯೆಗೆ ಇಲ್ಲ ಎಂದು ಅದರ ಅರ್ಥ, ಹಾಗೆಂದೇ ಬರೆಯಿರಿ.

ನಿಮ್ಮ ಪ್ರಶ್ನೆಯ ಉತ್ತರವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: “ΔH° ಮತ್ತು ΔS° ತಾಪಮಾನದೊಂದಿಗೆ ಬದಲಾಗುವುದಿಲ್ಲ ಎಂದುಕೊಂಡರೆ, ಕಾರ್ಬನ್ ಡೈಆಕ್ಸೈಡ್ 1 ಬಾರ್ ಇರುವಾಗ, ಸುಮಾರು 1110 ಕೆಲ್ವಿನ್‌ಗಿಂತ ಮೇಲೆ ಕ್ರಿಯೆ ಸ್ವಯಂಪ್ರೇರಿತ.” ಲ್ಯಾಬ್ ದಾಖಲೆಯಲ್ಲಿ 700 ಡಿಗ್ರಿಯ ಪಕ್ಕದಲ್ಲಿ “ತೆರೆದ ಮೂಸೆ, ಗಾಳಿಯಲ್ಲಿ” ಎಂದು ಸೇರಿಸಿ, ಪುಡಿ ಎಷ್ಟು ದಪ್ಪಕ್ಕೆ ತುಂಬಿದ್ದಿರಿ ಎಂಬುದನ್ನೂ ಬರೆಯಿರಿ.